ಕಾರ್ಡ್ ಬ್ಲಾಕ್ ಮಾಡಿದರೂ ದುಡ್ಡು ಹೋಗುತ್ತಲೇ ಇದೆ, ಯಾಕೆ?

ಕಳೆದ ತಿಂಗಳು ನೀರ್ಚಾಲಿನ ಭಾವ ಪಾಸ್‌ಬುಕ್ ಹಿಡಿದುಕೊಂಡು ಮನೆಗೆ ಬಂದರು. ಅಡಿಕೆ ಮಾರಿದ ದುಡ್ಡು ಖಾತೆಗೆ ಬಿದ್ದರೆ ಸಾಕು, ಮೂರು ಕಡೆಗೆ ತನ್ನಷ್ಟಕ್ಕೆ ಹೋಗುತ್ತದೆ. ಅದರಲ್ಲಿ ಎರಡನ್ನು ನಿಲ್ಲಿಸಬೇಕು ಅಂತ ಅವರು ಡೆಬಿಟ್ ಕಾರ್ಡನ್ನೇ ಬ್ಲಾಕ್ ಮಾಡಿಸಿದ್ದರು. ಆದರೆ ನಿಂತದ್ದು ಒಂದೇ. "ಕಾರ್ಡೇ ಇಲ್ಲದ ಮೇಲೆ ಇದು ಹೇಗೆ ಹೋಗ್ತದೆ ಮಾರಾಯ?" ಅಂತ ಕೇಳಿದರು. ಭಾನುವಾರ ಒಟ್ಟಿಗೆ ಕೂತು ಓದುವ ನಮಗೂ ಇದು ಬೇಕಾದ ಪ್ರಶ್ನೆಯೇ. ಹಾಗಾಗಿ ಅವರ ಪಾಸ್‌ಬುಕ್ಕನ್ನೇ ಇಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ.

ಅದರಲ್ಲಿದ್ದ ಮೂರು ಸಾಲು ಇವು. 5ನೇ ತಾರೀಕು 2,000 ರೂಪಾಯಿ, ಅದೇ ಬ್ಯಾಂಕಿನ ಆರ್‌ಡಿಗೆ. 10ನೇ ತಾರೀಕು 1,000 ರೂಪಾಯಿ, ಒಂದು ಮ್ಯೂಚುವಲ್ ಫಂಡಿನ ಎಸ್‌ಐಪಿಗೆ. 18ನೇ ತಾರೀಕು 499 ರೂಪಾಯಿ, ಮಗನ ಆನ್‌ಲೈನ್ ಪಾಠದ ಆ್ಯಪಿಗೆ. ಮೂರನ್ನೂ ಅವರು "ಆಟೋ" ಅಂತಲೇ ಕರೆಯುತ್ತಿದ್ದರು. ಖಾತೆಯಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಆದರೆ ದುಡ್ಡು ಕೊಡು ಅನ್ನುವ ಆದೇಶ ಎಲ್ಲಿ ಬರೆದಿಟ್ಟಿದೆ, ಯಾರು ಅದನ್ನು ಚಾಲೂ ಮಾಡುತ್ತಾರೆ ಅನ್ನುವುದು ಮೂರರಲ್ಲೂ ಬೇರೆ ಬೇರೆ. ನಿಲ್ಲಿಸುವ ಜಾಗವೂ ಅದಕ್ಕೇ ಬೇರೆ.

ಮೊದಲನೆಯದು: ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್

ಇದು ತುಂಬ ಹಳೆಯ ವ್ಯವಸ್ಥೆ, ಸುಲಭದ್ದೂ ಹೌದು. ಪ್ರತಿ ತಿಂಗಳು ಇಂಥ ದಿನ ಇಷ್ಟು ದುಡ್ಡನ್ನು ಇಂಥ ಕಡೆಗೆ ಹಾಕು ಅಂತ ನಾವು ನಮ್ಮ ಬ್ಯಾಂಕಿಗೆ ಹೇಳಿಟ್ಟಿರುತ್ತೇವೆ. ಆ ದಿನ ಬಂದಾಗ ಬ್ಯಾಂಕೇ ದುಡ್ಡನ್ನು ಕಳಿಸುತ್ತದೆ. ಹೊರಗಿನವರು ಯಾರೂ ಬಂದು ಕೇಳುವುದಿಲ್ಲ. ಭಾವನ ಆರ್‌ಡಿ ಇದೇ ಜಾತಿ. ಅದೇ ಬ್ಯಾಂಕಿನ ಸಾಲದ ಕಂತು, ಊರಿನಲ್ಲಿರುವ ಅಮ್ಮನ ಖಾತೆಗೆ ತಿಂಗಳು ತಿಂಗಳು ಕಳಿಸುವ ದುಡ್ಡು, ಇವೂ ಹೀಗೆಯೇ ಹೋಗುವುದು.

ನೋಡಬೇಕಾದರೆ ನೆಟ್‌ಬ್ಯಾಂಕಿಂಗಿನಲ್ಲಿ `Standing Instructions` ಅಂತ ಒಂದು ಮೆನು ಇರುತ್ತದೆ. ಕೆಲವು ಬ್ಯಾಂಕುಗಳಲ್ಲಿ ಅದು ಹಣ ವರ್ಗಾವಣೆಯ ವಿಭಾಗದೊಳಗೆ, ಮುಂದಿನ ತಾರೀಕಿಗೆ ಇಟ್ಟ ಪಾವತಿಗಳ ಜೊತೆ ಸೇರಿರುತ್ತದೆ. ಅಲ್ಲೇ ರದ್ದು ಮಾಡಬಹುದು. ಶಾಖೆಯಲ್ಲಿ ಕಾಗದ ಕೊಟ್ಟು ಮಾಡಿಸಿದ್ದಾದರೆ ಅಲ್ಲಿಗೇ ಹೋಗಿ ಒಂದು ಅರ್ಜಿ ಕೊಟ್ಟರೆ ಆಯ್ತು. ಇದಕ್ಕೂ ಕಾರ್ಡಿಗೂ ಸಂಬಂಧವೇ ಇಲ್ಲ, ಹಾಗಾಗಿ ಕಾರ್ಡ್ ಬ್ಲಾಕ್ ಆದರೂ ಆರ್‌ಡಿಗೆ ದುಡ್ಡು ಹೋಯ್ತು. ಭಾವನಿಗೆ ಆರ್‌ಡಿ ಹೇಗೂ ಬೇಕಿತ್ತು, ಅದನ್ನು ಮುಟ್ಟಲಿಲ್ಲ.

ಎರಡನೆಯದು: ಖಾತೆಯ ಮೇಲಿನ ಇ-ಮ್ಯಾಂಡೇಟ್

ಗೊಂದಲವೆಲ್ಲ ಇರುವುದು ಇಲ್ಲಿ, ಸ್ವಲ್ಪ ನಿಧಾನಕ್ಕೆ ಓದಿ.

ಇಲ್ಲಿ ದುಡ್ಡನ್ನು ಕಳಿಸುವುದು ನಮ್ಮ ಬ್ಯಾಂಕ್ ಅಲ್ಲ, ಎಳೆದುಕೊಳ್ಳುವುದು ಎದುರಿನ ಕಂಪನಿ. "ನನ್ನ ಖಾತೆಯಿಂದ ನೀವು ತೆಗೆದುಕೊಳ್ಳಬಹುದು" ಅಂತ ನಾವು ಒಪ್ಪಿಗೆ ಕೊಟ್ಟಿರುತ್ತೇವೆ, ಅದೇ ಮ್ಯಾಂಡೇಟ್. ಕಂಪನಿ ಅದನ್ನು ತೋರಿಸಿ ತನ್ನ ಬ್ಯಾಂಕಿನ ಮೂಲಕ ಬೇಡಿಕೆ ಕಳಿಸುತ್ತದೆ, ಅದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐ ನಡೆಸುವ ನ್ಯಾಚ್ ವ್ಯವಸ್ಥೆಯ ಮೂಲಕ ನಮ್ಮ ಬ್ಯಾಂಕಿಗೆ ಬರುತ್ತದೆ, ನಮ್ಮ ಬ್ಯಾಂಕ್ ಖಾತೆಯಿಂದ ಕಡಿದು ಕೊಡುತ್ತದೆ. 2021ರ ಆಗಸ್ಟ್ 1ರಿಂದ ನ್ಯಾಚ್ ರಜಾದಿನಗಳಲ್ಲೂ ನಡೆಯುತ್ತದೆ, ಭಾನುವಾರ ಅಲ್ವಾ ಕಡಿತ ಆಗಲಿಕ್ಕಿಲ್ಲ ಅಂತ ಕೂರುವ ಹಾಗಿಲ್ಲ. ಪಾಸ್‌ಬುಕ್ಕಿನಲ್ಲಿ ಇದು ಸಾಮಾನ್ಯವಾಗಿ `ACH D` ಅಥವಾ `NACH` ಅಂತ ಶುರುವಾಗುವ ಸಾಲು. ಭಾವನ 1,000 ರೂಪಾಯಿಯ ಮುಂದೆ ಇದ್ದದ್ದು ಅದೇ.

ಕಾರ್ಡ್ ಬ್ಲಾಕ್ ಮಾಡಿದರೆ ನಿಲ್ಲುತ್ತದೆ ಅಂತ ಅವರಿಗೆ ಅನಿಸಿದ್ದಕ್ಕೂ ಕಾರಣ ಇದೆ. ಎಸ್‌ಐಪಿ ಶುರು ಮಾಡಿದ ದಿನ ಡೆಬಿಟ್ ಕಾರ್ಡಿನ ನಂಬರ್ ಹಾಕಿ, ಓಟಿಪಿ ಕೊಟ್ಟದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅದು ನಿಜವೇ. ಇ-ಮ್ಯಾಂಡೇಟ್ ಮಾಡುವಾಗ ನಾವೇ ಖಾತೆದಾರರು ಅಂತ ತೋರಿಸಲು ನೆಟ್‌ಬ್ಯಾಂಕಿಂಗ್, ಡೆಬಿಟ್ ಕಾರ್ಡ್, ಆಧಾರ್ ಓಟಿಪಿ ಇವುಗಳಲ್ಲಿ ಒಂದನ್ನು ಬಳಸುತ್ತೇವೆ. ಅಲ್ಲಿ ಕಾರ್ಡಿನ ಕೆಲಸ ಸಹಿ ಹಾಕುವ ಪೆನ್ನಿನಷ್ಟೇ. ಪೆನ್ನು ಕಳೆದುಹೋದರೆ ಸಹಿ ಅಳಿಸಿಹೋಗುತ್ತದಾ? ಮ್ಯಾಂಡೇಟ್ ಇರುವುದು ಖಾತೆಯ ಮೇಲೆ. ಹೊಸ ಕಾರ್ಡ್ ಬಂದರೂ, ಕಾರ್ಡೇ ಇಲ್ಲದಿದ್ದರೂ ಅದು ಜೀವಂತ.

ಪ್ರತಿ ಮ್ಯಾಂಡೇಟಿಗೂ `UMRN` ಅಂತ 20 ಅಕ್ಷರ-ಅಂಕೆಗಳ ಒಂದು ಗುರುತು ಇರುತ್ತದೆ. ನೆಟ್‌ಬ್ಯಾಂಕಿಂಗಿನಲ್ಲಿ ಅಥವಾ ಬ್ಯಾಂಕಿನ ಆ್ಯಪಿನಲ್ಲಿ `Mandate`, `e-Mandate`, `NACH` ಇಂಥ ಹೆಸರಿನ ಮೆನು ಹುಡುಕಿ. ಭಾವನ ಫೋನಿನಲ್ಲಿ ತೆರೆದಾಗ ಕಂಪನಿಯ ಹೆಸರು, `UMRN`, ಶುರುವಾದ ದಿನ, ಮುಗಿಯುವ ದಿನ, ಗರಿಷ್ಠ ಮೊತ್ತ ಎಲ್ಲ ಕಂಡಿತು. ಗರಿಷ್ಠ ಮೊತ್ತ 10,000 ಅಂತ ಇತ್ತು. "ಸಾವಿರ ಅಲ್ವಾ ನಾನು ಹೇಳಿದ್ದು?" ಅಂತ ಅವರು ಗಾಬರಿಯಾದರು. ಅದು ಮೇಲಿನ ಮಿತಿ ಅಷ್ಟೇ. ಮುಂದೆ ಎಸ್‌ಐಪಿ ಜಾಸ್ತಿ ಮಾಡಬೇಕಾದರೆ ಹೊಸ ಮ್ಯಾಂಡೇಟ್ ಬೇಡ ಅಂತ ದೊಡ್ಡ ಮೊತ್ತ ಹಾಕಿಸಿಕೊಳ್ಳುತ್ತಾರೆ. ತಪ್ಪಲ್ಲ, ಆದರೆ ಸಹಿ ಮಾಡುವ ಮೊದಲು ಆ ಒಂದು ಸಾಲನ್ನು ಓದಲೇಬೇಕು.

ನಿಲ್ಲಿಸುವಾಗ ಎರಡು ಕೆಲಸ ಇದೆ. ಒಂದು, ಫಂಡಿನ ಆ್ಯಪಿಗೆ ಹೋಗಿ ಎಸ್‌ಐಪಿಯನ್ನು ರದ್ದು ಮಾಡುವುದು. ಎರಡು, ಬ್ಯಾಂಕಿನಲ್ಲಿ ಮ್ಯಾಂಡೇಟನ್ನು ರದ್ದು ಮಾಡುವುದು. ಮೊದಲನೆಯದು ಮಾತ್ರ ಮಾಡಿದರೆ ದುಡ್ಡು ಎಳೆಯುವ ಒಪ್ಪಿಗೆ ಹಾಗೇ ಉಳಿಯುತ್ತದೆ. ಎರಡನೆಯದು ಮಾತ್ರ ಮಾಡಿದರೆ ಫಂಡ್ ಆಮೇಲೂ ಬೇಡಿಕೆ ಕಳಿಸುತ್ತದೆ, ಅದು ವಾಪಸಾಗುತ್ತದೆ. ಅದಕ್ಕೇ ಇದೇ ಕ್ರಮದಲ್ಲಿ ಎರಡೂ ಮಾಡಿ, ಅದೂ ಕಂತಿನ ದಿನಕ್ಕೆ ಒಂದು ವಾರವಾದರೂ ಮುಂಚೆ. ಹಿಂದಿನ ದಿನ ಮಾಡಿದರೆ ಬೇಡಿಕೆ ಆಗಲೇ ಹೊರಟಿರಬಹುದು.

ಆ್ಯಪಿನಲ್ಲಿ ರದ್ದು ಮಾಡುವ ದಾರಿ ಸಿಗದಿದ್ದರೆ ಶಾಖೆಗೇ ಹೋಗಬೇಕು. ನಮ್ಮ ಕಾಸರಗೋಡಿನ ಕಡೆ ಕೌಂಟರಿನಲ್ಲಿ ಮಲಯಾಳಂ ಮಾತಾಡುವವರೇ ಹೆಚ್ಚು, "ಆ ದುಡ್ಡು ಹೋಗುವುದನ್ನು ನಿಲ್ಲಿಸಿ" ಅಂತ ಸುಮ್ನೆ ಬಾಯಲ್ಲಿ ಹೇಳಿದರೆ ಯಾವುದು ಅಂತ ಅವರಿಗೆ ಗೊತ್ತಾಗುವುದಿಲ್ಲ. ಖಾತೆ ನಂಬರ್, ಕಂಪನಿಯ ಹೆಸರು, ಮೊತ್ತ, ಕಡೆಯ ಸಲ ಕಡಿತವಾದ ದಿನ, `UMRN` ಇಷ್ಟನ್ನು ಬರೆದ ಅರ್ಜಿ ಕೊಡಿ. `UMRN` ಇಂಗ್ಲಿಷ್ ಅಕ್ಷರದಲ್ಲೇ, ಒಂದೊಂದಾಗಿ ತಾಳೆ ನೋಡಿ ಬರೆಯಿರಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳದೆ ಬರಬೇಡಿ. ಆಮೇಲೂ ಕಡಿತವಾದರೆ ಬ್ಯಾಂಕಿಗೆ ಲಿಖಿತ ದೂರು ಕೊಡಲು, ಅದಕ್ಕೆ 30 ದಿನದಲ್ಲಿ ಉತ್ತರ ಬಾರದಿದ್ದರೆ `cms.rbi.org.in`ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಲು ಆಧಾರ ಅದೇ.

ಒಂದು ತಪ್ಪು ದಾರಿಯ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ತುಂಬ ಜನ ಇದನ್ನೇ ಮಾಡುತ್ತಾರೆ: ಖಾತೆಯಲ್ಲಿ ದುಡ್ಡೇ ಇಡದೆ ಇರುವುದು. ಹಾಗೆ ಮಾಡಿದರೆ ಮ್ಯಾಂಡೇಟ್ ನಿಲ್ಲುವುದಿಲ್ಲ, ಬೌನ್ಸ್ ಆಗುತ್ತದೆ. ಪ್ರತಿ ಬೌನ್ಸಿಗೂ ಬ್ಯಾಂಕ್ ಶುಲ್ಕ ಹಾಕುತ್ತದೆ, ಮುಂದಿನ ಸಲ ಅಡಿಕೆ ದುಡ್ಡು ಬಿದ್ದಾಗ ಅದು ಸೇರಿ ಕಡಿತ. ಸಾಲದ ಕಂತಾದರೆ ಸಾಲ ಕೊಟ್ಟವರ ದಂಡ ಬೇರೆ. ಅಷ್ಟೇ ಅಲ್ಲ, 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಸಾಲ ತೀರಿಸಲು ಕೊಟ್ಟ ಇಂಥ ಒಪ್ಪಿಗೆ ದುಡ್ಡಿಲ್ಲದೆ ಬೌನ್ಸ್ ಆದರೆ, ಚೆಕ್ ಬೌನ್ಸಿನ ಹಾಗೆಯೇ ಕೇಸ್ ಹಾಕಬಹುದು. ಮ್ಯಾಂಡೇಟ್ ರದ್ದಾದರೂ ಸಾಲ ರದ್ದಾಗುವುದಿಲ್ಲ ಅನ್ನುವುದೂ ನೆನಪಿರಲಿ, ಕಂತನ್ನು ಬೇರೆ ದಾರಿಯಲ್ಲಿ ಕಟ್ಟಲೇಬೇಕು.

ಮೂರನೆಯದು: ಕಾರ್ಡಿನ ಆಟೋಪೇ

499 ರೂಪಾಯಿ ಹೋಗುತ್ತಿದ್ದದ್ದು ನಿಜವಾಗಿ ಕಾರ್ಡಿನ ಮೇಲೆ, ಹಾಗಾಗಿ ಬ್ಲಾಕ್ ಮಾಡಿದಾಗ ಅದು ನಿಂತಿತು. ಹೆಸರಿನ ಗೊಂದಲ ಇಲ್ಲೂ ಇದೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಇದನ್ನೂ ಇ-ಮ್ಯಾಂಡೇಟ್ ಅಂತಲೇ ಕರೆಯುತ್ತಾರೆ. ಆದ್ದರಿಂದ ಯಾರಾದರೂ ಇ-ಮ್ಯಾಂಡೇಟ್ ಅಂದರೆ, ಖಾತೆಯ ಮೇಲಿನದ್ದೋ ಕಾರ್ಡಿನ ಮೇಲಿನದ್ದೋ ಅಂತ ಮೊದಲು ಕೇಳಿ.

ಕಾರ್ಡಿನದ್ದಕ್ಕೆ ನಮ್ಮ ಕಡೆಗೆ ಒಳ್ಳೆಯ ರಕ್ಷಣೆ ಇದೆ. 2021ರ ಅಕ್ಟೋಬರ್ 1ರಿಂದ ಇದು ಗಟ್ಟಿಯಾಗಿ ಜಾರಿಯಲ್ಲಿದೆ. ದುಡ್ಡು ಹೋಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಕಾರ್ಡ್ ಕೊಟ್ಟ ಬ್ಯಾಂಕ್ ನಮಗೆ ತಿಳಿಸಬೇಕು. ಯಾರಿಗೆ, ಎಷ್ಟು, ಯಾವಾಗ ಅಂತ ಅದರಲ್ಲಿ ಇರುತ್ತದೆ. ಆ ಒಂದು ಕಂತನ್ನು ಬೇಡ ಅನ್ನಬಹುದು, ಇಡೀ ಮ್ಯಾಂಡೇಟನ್ನೇ ಬೇಡ ಅನ್ನಲೂಬಹುದು. ಈ ಸೌಲಭ್ಯಕ್ಕೆ ಕಾರ್ಡುದಾರರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಭಾವನ ಫೋನಿನಲ್ಲಿ ಹುಡುಕಿದರೆ ಪ್ರತಿ ತಿಂಗಳು 17ಕ್ಕೆ ಮೆಸೇಜ್ ಬಂದೇ ಇತ್ತು. ಇಂಗ್ಲಿಷಿನಲ್ಲಿ ಇದ್ದದ್ದರಿಂದ ಜಾಹೀರಾತು ಅಂತ ತೆರೆದೇ ಇರಲಿಲ್ಲ.

ಇದರ ಪಟ್ಟಿ ನ್ಯಾಚ್ ಮೆನುವಿನಲ್ಲಿ ಸಿಗುವುದಿಲ್ಲ, ಅಲ್ಲಿ ಹುಡುಕಿ ಸುಸ್ತಾಗಬೇಡಿ. ಬ್ಯಾಂಕಿನ ಆ್ಯಪಿನ ಕಾರ್ಡ್ ವಿಭಾಗ ನೋಡಿ. ಕೆಲವು ಬ್ಯಾಂಕುಗಳು `sihub.in` ಅನ್ನುವ ಬೇರೆ ಪುಟಕ್ಕೆ ಕಳಿಸುತ್ತವೆ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬ್ಯಾಂಕಿನ ಆ್ಯಪಿನಿಂದ ಅಥವಾ ಬ್ಯಾಂಕಿನ ಜಾಲತಾಣದಿಂದಲೇ ತಿಳಿದುಕೊಳ್ಳಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ. ಅಲ್ಲಿ ಮ್ಯಾಂಡೇಟ್ ಆರಿಸಿ ಓಟಿಪಿ ಕೊಟ್ಟರೆ ರದ್ದಾಗುತ್ತದೆ. ಪಾಠದ ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಏನೂ ರದ್ದಾಗುವುದಿಲ್ಲ, ಆ್ಯಪಿನೊಳಗೆ ಚಂದಾವನ್ನೂ ನಿಲ್ಲಿಸಬೇಕು.

ಕ್ರೆಡಿಟ್ ಕಾರ್ಡ್ ಇರುವವರಿಗೆ ಇನ್ನೊಂದು ಮಾತು. ಕಾರ್ಡಿನ ಬಿಲ್ಲನ್ನು ಉಳಿತಾಯ ಖಾತೆಯಿಂದ ತನ್ನಷ್ಟಕ್ಕೆ ಕಟ್ಟುವುದಕ್ಕೂ ಆಟೋಪೇ ಅಂತಾರೆ, ಅದು ಈ ಜಾತಿ ಅಲ್ಲ. ಕಾರ್ಡೂ ಖಾತೆಯೂ ಒಂದೇ ಬ್ಯಾಂಕಿನದ್ದಾದರೆ ಅದು ಮೊದಲನೆಯ ಥರದ್ದು, ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಸಾಮಾನ್ಯವಾಗಿ ಎರಡನೆಯದು. ಯುಪಿಐ ಆಟೋಪೇಯಂತೂ ಬೇರೆಯೇ: ಅದನ್ನು ಮಾಡಿದ ಯುಪಿಐ ಆ್ಯಪಿನಲ್ಲಿ `Autopay` ಅಥವಾ `Mandates` ತೆರೆದು, ಪಿನ್ ಹಾಕಿ ರದ್ದು ಮಾಡಬೇಕು.

ಭಾವ ಆ ದಿನವೇ ಫಂಡಿನ ಆ್ಯಪಿನಲ್ಲಿ ಎಸ್‌ಐಪಿ ರದ್ದು ಮಾಡಿದರು. ಮಾರನೆ ದಿನ ಶಾಖೆಯಲ್ಲಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡರು. ನಾಲ್ಕು ದಿನ ಬಿಟ್ಟು ಪಟ್ಟಿ ತೆರೆದಾಗ ಆ `UMRN` ಮುಂದೆ `Active` ಇದ್ದ ಜಾಗದಲ್ಲಿ `Cancelled` ಅಂತ ಬಂದಿತ್ತು. ಈ ತಿಂಗಳ 10 ದಾಟಿದ ಮೇಲೆ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ತಂದರು. 5ರ ಆರ್‌ಡಿ ಸಾಲು ಇದೆ, `ACH D` ಸಾಲು ಇಲ್ಲ.