ಮಲಗಿದ ಟ್ಯಾಂಕಿನ ಡಿಪ್ ಚಾರ್ಟ್: ಅರ್ಧ ದಾಟಿದ ಮೇಲಿನ ಲೆಕ್ಕ

ಮಲಗಿಸಿದ ಸಿಲಿಂಡರ್ ಟ್ಯಾಂಕಿನೊಳಗೆ ಕೋಲು ಇಳಿಸಿ ನೋಡಿದ ದ್ರವದ ಆಳವೇ ಡಿಪ್. ಯಾವ ಡಿಪ್‌ಗೆ ಎಷ್ಟು ಲೀಟರ್ ಅಂತ ತೋರಿಸುವ ಟೇಬಲ್ಲೇ ಡಿಪ್ ಚಾರ್ಟ್. ಅದಕ್ಕೆ ಅಳತೆ ಶುರುವಾಗುವುದು ಹೊರಗಿನ ಸುತ್ತಳತೆಯಿಂದ. ಸ್ಟೀಲ್ ಟೇಪನ್ನು ಬಿಗಿಯಾಗಿ, ಓರೆಯಾಗದಂತೆ ಸುತ್ತಬೇಕು. ವೆಲ್ಡಿಂಗ್ ಉಬ್ಬುಗಳನ್ನು ತಪ್ಪಿಸಿ, ಉದ್ದಕ್ಕೂ ಹಲವು ಕಡೆ ಅಳೆದು ಸರಾಸರಿ ತೆಗೆಯಬೇಕು.

ನಮ್ಮ ಉದಾಹರಣೆಯಲ್ಲಿ ಸುತ್ತಳತೆ 6.321 ಮೀಟರ್ ಅಂತ ಇಟ್ಟುಕೊಳ್ಳೋಣ. π ಯಿಂದ ಭಾಗಿಸಿದರೆ ಹೊರ ವ್ಯಾಸ 2.012 ಮೀಟರ್. ಪ್ಲೇಟಿನ ದಪ್ಪ 6 ಮಿ.ಮೀ. ಅದನ್ನು ಎರಡೂ ಕಡೆಯಿಂದ ಕಳೆದರೆ ಒಳ ವ್ಯಾಸ 2.000, ಅಂದರೆ r = 1.000. ಒಳಗಿನ ಉದ್ದ L 5 ಮೀಟರ್, ತುದಿಗಳು ಚಪ್ಪಟೆ. ಉಬ್ಬಿದ ತುದಿಗಳಿದ್ದರೆ ಅವುಗಳ ಲೆಕ್ಕ ಬೇರೆ ಮಾಡಿ ಸೇರಿಸಬೇಕು.

ಡಿಪ್ h ಇದ್ದಾಗ:

```
A = r² × acos((r − h)/r) − (r − h) × √(2rh − h²)
V = A × L
```

ಕೋನ ರೇಡಿಯನ್‌ನಲ್ಲೇ ಇರಬೇಕು. ಮೊದಲ ಭಾಗ, ವೃತ್ತದ ಕೇಂದ್ರದಿಂದ ಕತ್ತರಿಸಿದ ತುಂಡಿನ ವಿಸ್ತೀರ್ಣ. ಎರಡನೆಯದು ಕೇಂದ್ರಕ್ಕೂ ದ್ರವದ ಮಟ್ಟಕ್ಕೂ ನಡುವೆ ಇರುವ ತ್ರಿಕೋನ. ಡಿಪ್ ಅರ್ಧಕ್ಕಿಂತ ಕಡಿಮೆ ಇದ್ದರೆ ಆ ತ್ರಿಕೋನದಲ್ಲಿ ದ್ರವ ಇರುವುದಿಲ್ಲ, ಅದಕ್ಕೇ ಕಳೆಯುತ್ತೇವೆ. h = 0.50 ಆದಾಗ 1.0472 − 0.4330 = 0.6142 ಚದರ ಮೀಟರ್. ಐದರಿಂದ ಗುಣಿಸಿದರೆ 3.071 ಘನ ಮೀಟರ್, ಅಂದರೆ 3,071 ಲೀಟರ್.

ಈಗ h = 1.50. ಇಲ್ಲೇ ತಲೆ ತಿರುಗುವುದು. ದ್ರವ ಕೇಂದ್ರವನ್ನು ದಾಟಿದೆ, ತ್ರಿಕೋನದ ತುಂಬ ದ್ರವವೇ ಇದೆ. ಅಂದರೆ ಅದನ್ನು ಕೂಡಿಸಬೇಕು, ಅಲ್ವಾ? ಆದರೆ ಸೂತ್ರದ ಚಿಹ್ನೆ ಬದಲಿಸಬೇಡಿ. r − h ಈಗ −0.50. ಮೈನಸ್‌ಗೆ ಮೈನಸ್ ಸೇರಿ ತಾನಾಗೇ ಕೂಡುತ್ತದೆ. acos(−0.5) ಕೂಡ 2.0944 ಆಗಿ ದೊಡ್ಡ ಕೋನವನ್ನೇ ಕೊಡುತ್ತದೆ. ಮೊತ್ತ 2.5274, ಅಂದರೆ 12,637 ಲೀಟರ್. ಋಣ ಸಂಖ್ಯೆ ಕಂಡು ಗಾಬರಿಯಾಗಿ ಮೈನಸ್ ತೆಗೆದುಬಿಟ್ಟರೆ 1.50ಕ್ಕೂ 0.50ರ ಉತ್ತರವೇ ಬರುತ್ತದೆ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು: ತಳದಿಂದ 50 ಸೆಂ.ಮೀ. ಡಿಪ್‌ನ ದ್ರವ ಎಷ್ಟೋ, 150ರಲ್ಲಿ ಮೇಲೆ ಉಳಿದ ಖಾಲಿ ಜಾಗವೂ ಅಷ್ಟೇ. 3,071 + 12,637 = 15,708. ಇದೇ ತುಂಬಿದ ಟ್ಯಾಂಕಿನ ಅಳತೆ. ಡಿಪ್‌ಗಳೆರಡೂ ಕೂಡಿ 200 ಸೆಂ.ಮೀ. ಆಗುವ ಟೇಬಲ್‌ನ ಯಾವ ಜೋಡಿ ಸಾಲಿಗೂ ಹೀಗೆ ಮಾಡಬಹುದು.

ಆದರೆ ಈ ಪರೀಕ್ಷೆ ಸೂತ್ರದ ತಪ್ಪನ್ನು ಮಾತ್ರ ಹಿಡಿಯುತ್ತದೆ. ಪ್ಲೇಟಿನ ದಪ್ಪ ಕಳೆಯುವುದನ್ನು ಮರೆತರೂ ಜೋಡಿಗಳು ಚೆನ್ನಾಗಿಯೇ ಕೂಡುತ್ತವೆ, ಆದರೆ ತುಂಬಿದ ಟ್ಯಾಂಕಿಗೆ ಸುಮಾರು 190 ಲೀಟರ್ ಜಾಸ್ತಿ ತೋರಿಸುತ್ತದೆ. ಅದು ಗೊತ್ತಾಗಬೇಕಾದರೆ ಮೀಟರ್ ಮೂಲಕ ಅಳೆದ ದ್ರವ ಹಾಕಿ, ಡಿಪ್ ಏರಿದ್ದನ್ನು ಟೇಬಲ್ ಜೊತೆ ಹೋಲಿಸಬೇಕು.

ಹೋಲಿಸುವಾಗ ಡಿಪ್ ಎಲ್ಲಿದೆ ನೋಡಿ. ಈ ಟ್ಯಾಂಕಿನ ನಡುಮಟ್ಟದಲ್ಲಿ ಒಂದು ಸೆಂ.ಮೀ.ಗೆ 100 ಲೀಟರ್. 10 ಸೆಂ.ಮೀ. ಡಿಪ್‌ನಲ್ಲಾದರೆ ಬರೀ 44. ಕೋಲಿನ ಓದು 3 ಮಿ.ಮೀ. ತಪ್ಪಿದರೆ ನಡುವೆ 30 ಲೀಟರ್ ವ್ಯತ್ಯಾಸ ಬರುತ್ತದೆ, ಅದಕ್ಕೆ ಟೇಬಲ್ ಕಾರಣವಲ್ಲ.