ಕೆಲಸ ಹುಡುಕುತ್ತಿದ್ದೇನೆ ಅಂತ ಪ್ರೊಫೈಲ್‌ನಲ್ಲಿ ಬರೆಯೋದು ಹೇಗೆ?

ಮೈಸೂರಿನ ಓದುಗರೊಬ್ಬರ ಪ್ರಶ್ನೆ: "ನಾಲ್ಕು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೇನೆ. ಜೂನ್‌ನಲ್ಲಿ ನಮ್ಮ ಬ್ರಾಂಚ್ ಮುಚ್ಚಿತು. ಲಿಂಕ್ಡ್‌ಇನ್‌ನಲ್ಲೂ ನೌಕ್ರಿಯಲ್ಲೂ ಪ್ರೊಫೈಲ್ ಇದೆ. ಕೆಲಸ ಹುಡುಕುತ್ತಿದ್ದೇನೆ ಅಂತ ಸಮ್ಮರಿಯಲ್ಲಿ ನೇರವಾಗಿ ಬರೆದರೆ ಅಂಗಲಾಚಿದ ಹಾಗೆ ಕಾಣುತ್ತಾ? ಬರೆಯದಿದ್ದರೆ ಯಾರಿಗೂ ಗೊತ್ತೇ ಆಗಲ್ಲ ಅಲ್ವಾ?"

ಬರೆಯಿರಿ. ಖಂಡಿತ ಬರೆಯಿರಿ. ಕೆಲಸ ಹುಡುಕೋದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಯಾವ ಕೆಲಸ, ಯಾವ ಊರು, ಯಾವಾಗ ಸೇರಬಹುದು ಅನ್ನೋದನ್ನು ಬಿಟ್ಟು "ನನಗೆ ಕೆಲಸ ಬೇಕು" ಅಂತ ಮಾತ್ರ ಬರೆದಾಗಲೇ ಅದು ಅಂಗಲಾಚಿದ ಹಾಗೆ ಕಾಣೋದು.

ನೀವು ಕಳಿಸಿದ ಸಮ್ಮರಿಯನ್ನೇ ನೋಡೋಣ. ಇಂಗ್ಲಿಷ್‌ನಲ್ಲಿದ್ದದ್ದನ್ನು ಕನ್ನಡಕ್ಕೆ ತಂದರೆ ಹೀಗಿದೆ: "ಕಷ್ಟಪಟ್ಟು ದುಡಿಯುವ, ಬೇಗ ಕಲಿಯುವ ಸ್ವಭಾವ ನನ್ನದು. ನನ್ನ ಪ್ರತಿಭೆ ಬೆಳೆಸಿಕೊಳ್ಳಲು ಒಳ್ಳೆಯ ಸಂಸ್ಥೆಯಲ್ಲಿ ಸವಾಲಿನ ಅವಕಾಶ ಹುಡುಕುತ್ತಿದ್ದೇನೆ. ತುರ್ತಾಗಿ ಕೆಲಸ ಬೇಕಿದೆ, ಯಾವ ಕೆಲಸಕ್ಕೂ ಸಿದ್ಧ. ದಯವಿಟ್ಟು ಸಹಾಯ ಮಾಡಿ."

ಮೊದಲ ಎರಡು ವಾಕ್ಯ ಯಾರ ಪ್ರೊಫೈಲ್‌ಗೆ ಬೇಕಾದರೂ ಹೊಂದುತ್ತವೆ, ಅಡುಗೆ ಭಟ್ಟರಿಗೂ ಸೈ, ಸಿವಿಲ್ ಇಂಜಿನಿಯರ್‌ಗೂ ಸೈ. ಕೊನೆಯ ಎರಡು ವಾಕ್ಯದಲ್ಲಿ ನಿಮ್ಮ ಕಷ್ಟ ಇದೆ, ಕೆಲಸ ಇಲ್ಲ. ಅದನ್ನು ಓದಿದವರಿಗೆ ಮರುಕ ಬರಬಹುದು, ಆದರೆ ನಿಮ್ಮನ್ನು ಯಾವ ಕುರ್ಚಿಗೆ ಕರೀಬೇಕು ಅಂತ ಗೊತ್ತಾಗಲ್ಲ. ನಾಲ್ಕು ವರ್ಷ ಲೆಕ್ಕ ಬರೆದವರು ನೀವು ಅನ್ನೋದೇ ಅಲ್ಲಿ ಕಾಣಲ್ಲ. ಇದು ನನಗೆ ನಿಜಕ್ಕೂ ಬೇಜಾರಾಯಿತು.

"ಯಾವ ಕೆಲಸಕ್ಕೂ ಸಿದ್ಧ" ಅನ್ನೋ ಮಾತು ಯಾಕೆ ಕೆಲಸ ಮಾಡಲ್ಲ ಅಂತ ಹೇಳ್ತೀನಿ. ರಿಕ್ರೂಟರ್ ನಿಮ್ಮನ್ನು ಹುಡುಕೋದು ಒಂದು ಸರ್ಚ್ ಪೆಟ್ಟಿಗೆಯಲ್ಲಿ. ಅಲ್ಲಿ ಅವರು "ಸವಾಲಿನ ಅವಕಾಶ" ಅಂತ ಟೈಪ್ ಮಾಡಲ್ಲ. ಟ್ಯಾಲಿ, ಜಿಎಸ್‌ಟಿ, ಅಕೌಂಟ್ಸ್ ಎಕ್ಸಿಕ್ಯುಟಿವ್, ಮೈಸೂರು ಅಂತ ಟೈಪ್ ಮಾಡ್ತಾರೆ, ಆಮೇಲೆ ಅನುಭವ ಎಷ್ಟು ವರ್ಷ, ನೋಟಿಸ್ ಪೀರಿಯಡ್ ಎಷ್ಟು ದಿನ ಅಂತ ಸೋಸುತ್ತಾರೆ. ಈ ಪದಗಳು ನಿಮ್ಮ ಪ್ರೊಫೈಲ್‌ನಲ್ಲಿ ಇಲ್ಲದಿದ್ದರೆ ನೀವು ಎಷ್ಟೇ ಕಳಕಳಿಯಿಂದ ಕೇಳಿಕೊಂಡರೂ ಅವರ ಪಟ್ಟಿಗೆ ಬರೋದು ಕಷ್ಟ. ಪಟ್ಟಿಗೆ ಬಂದರೂ ಲಿಂಕ್ಡ್‌ಇನ್‌ನ About ಭಾಗದಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತೆ, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತೆ. ಹಾಗಾಗಿ ನೀವು ಯಾರು, ಏನು ಹುಡುಕುತ್ತಿದ್ದೀರಿ ಅನ್ನೋದು ಆ ಮೊದಲ ಸಾಲುಗಳಲ್ಲೇ ಮುಗಿಯಬೇಕು.

ನೀವು ಫೋನ್‌ನಲ್ಲಿ ಹೇಳಿದ ವಿವರ ಇಟ್ಟುಕೊಂಡು ನಾನು ಹೀಗೆ ಬರೆದೆ. ಪ್ರೊಫೈಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹಾಕಿ, ಇಲ್ಲಿ ಕನ್ನಡದಲ್ಲಿ ಕೊಡ್ತೀನಿ:

"ನಾಲ್ಕು ವರ್ಷದ ಅನುಭವ ಇರುವ ಅಕೌಂಟ್ಸ್ ಎಕ್ಸಿಕ್ಯುಟಿವ್. ಟ್ಯಾಲಿ ಪ್ರೈಮ್‌ನಲ್ಲಿ ತಿಂಗಳಿಗೆ ಸುಮಾರು 600 ಬಿಲ್ ಎಂಟ್ರಿ, GSTR-1 ಮತ್ತು GSTR-3B ಫೈಲಿಂಗ್, ಖರೀದಿ ಲೆಕ್ಕವನ್ನು GSTR-2B ಜೊತೆ ತಾಳೆ ನೋಡುವುದು, ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್. ಮೈಸೂರು ಅಥವಾ ಬೆಂಗಳೂರಿನಲ್ಲಿ ಅಕೌಂಟ್ಸ್ ಅಥವಾ ಜಿಎಸ್‌ಟಿ ಕೆಲಸ ಹುಡುಕುತ್ತಿದ್ದೇನೆ. ಆಫರ್ ಬಂದ ಒಂದು ವಾರದಲ್ಲಿ ಸೇರಬಲ್ಲೆ. ಹಿಂದಿನ ಸಂಸ್ಥೆಯ ಮೈಸೂರು ಬ್ರಾಂಚ್ ಜೂನ್‌ನಲ್ಲಿ ಮುಚ್ಚಿತು."

"ಹುಡುಕುತ್ತಿದ್ದೇನೆ" ಅನ್ನೋ ಪದ ಇಲ್ಲೂ ಇದೆ. ಆದರೂ ಬೇಡಿದ ಹಾಗೆ ಕೇಳಿಸಲ್ಲ, ಯಾಕಂದ್ರೆ ಅದಕ್ಕೂ ಮುಂಚೆ ನೀವು ಏನು ಮಾಡಬಲ್ಲಿರಿ ಅಂತ ಬಂದಿದೆ. ಕ್ರಮ ಮುಖ್ಯ, ಮೊದಲು ಕೆಲಸ, ಆಮೇಲೆ ಹುಡುಕಾಟ. ಹುಡುಕಾಟದ ಮಾತು ಒಂದೇ ಸಲ ಬರಲಿ. ಹೆಡ್‌ಲೈನ್‌ನಲ್ಲೂ, ಸಮ್ಮರಿಯ ಶುರುವಿನಲ್ಲೂ, ಕೊನೆಯಲ್ಲೂ ಅದನ್ನೇ ಹೇಳಿದರೆ ಗಾಬರಿ ತಾನಾಗೇ ಕಾಣುತ್ತೆ. 600 ಬಿಲ್ ಅಂತ ನಾನು ಹಾಕಿದ್ದು ನಿಮ್ಮ ಮಾತಿನಿಂದಲೇ, ದಿನಕ್ಕೆ ಇಪ್ಪತ್ತೈದು ಬಿಲ್, ತಿಂಗಳಿಗೆ 24 ಕೆಲಸದ ದಿನ ಅಂದಿರಿ. ಇಂಥ ಲೆಕ್ಕ ನಿಮ್ಮದೇ ಆಗಿರಬೇಕು, ಇಂಟರ್ವ್ಯೂನಲ್ಲಿ ಕೇಳಿದರೆ ತಡವರಿಸದೆ ಬಿಡಿಸಿ ಹೇಳುವ ಹಾಗಿರಬೇಕು.

ಬ್ರಾಂಚ್ ಮುಚ್ಚಿದ್ದನ್ನು ಹಾಕಬೇಕಾ ಅಂತ ಕೇಳಬಹುದು. ನಿಮ್ಮ ವಿಷಯದಲ್ಲಿ ಹಾಕಿ, ಯಾಕಂದ್ರೆ ಜೂನ್‌ನಿಂದ ಖಾಲಿ ಯಾಕೆ ಅನ್ನೋ ಅನುಮಾನ ಅಲ್ಲೇ ತೀರುತ್ತೆ. ಒಂದು ವಾಕ್ಯ ಸಾಕು. ಮನೆಯ ಸಾಲ, ಇಎಂಐ, ಎಷ್ಟು ಕಡೆ ಅರ್ಜಿ ಹಾಕಿದಿರಿ ಇವೆಲ್ಲ ನಿಜವೇ, ನೋವಿನದೇ, ಆದರೆ ಅವನ್ನು ಸ್ನೇಹಿತರ ಹತ್ತಿರ ಹೇಳಿ. ಪ್ರೊಫೈಲ್‌ನಲ್ಲಿ ಹಾಕಿದರೆ ಸಂಬಳದ ಮಾತು ಬಂದಾಗ ನಿಮ್ಮ ಕೈ ಕಟ್ಟಿದ ಹಾಗಾಗುತ್ತೆ. ತುರ್ತು ಇದೆ ಅಂತ ಗೊತ್ತಾದವರು ಕಡಿಮೆಗೆ ಕೇಳ್ತಾರೆ.

ಇನ್ನೊಂದು ಅಪಾಯವೂ ಇದೆ. "ತುರ್ತಾಗಿ ಕೆಲಸ ಬೇಕು" ಅಂತ ಬರೆದು ಪಕ್ಕದಲ್ಲೇ ಮೊಬೈಲ್ ನಂಬರ್ ಹಾಕಿದರೆ ವಾಟ್ಸಾಪ್‌ನಲ್ಲಿ ನಕಲಿ ಕೆಲಸ ಕೊಡೋರಿಗೆ ನೀವೇ ವಿಳಾಸ ಕೊಟ್ಟ ಹಾಗೆ. ರಿಜಿಸ್ಟ್ರೇಷನ್ ಫೀ, ಟ್ರೈನಿಂಗ್ ಡೆಪಾಸಿಟ್ ಅಂತ ಹಣ ಕೇಳಿದರೆ ಅಲ್ಲೇ ನಿಲ್ಲಿಸಿ. ಸಮ್ಮರಿಯಲ್ಲಿ ಈಮೇಲ್ ಇದ್ದರೆ ಸಾಕು.

"ತುರ್ತು" ಅನ್ನೋದನ್ನು ದಿನದ ಲೆಕ್ಕಕ್ಕೆ ತಿರುಗಿಸಿ. "ಒಂದು ವಾರದಲ್ಲಿ ಸೇರಬಲ್ಲೆ" ಅಂದಾಗ ತುರ್ತು ಅದರಲ್ಲೇ ಇದೆ, ಆದರೆ ಓದುವವರಿಗೆ ಅದು ನಿಮ್ಮ ಕಷ್ಟವಾಗಿ ಅಲ್ಲ, ಅವರಿಗಾಗುವ ಅನುಕೂಲವಾಗಿ ಕಾಣುತ್ತೆ. ಮಾರ್ಚ್ ಲೆಕ್ಕ ಮುಗಿಸೋಕೆ ಜನ ಬೇಕಾದ ಆಫೀಸಿಗೆ ಮೂರು ತಿಂಗಳ ನೋಟಿಸ್ ಇರೋರಿಗಿಂತ ಬೇಗ ಬರೋರೇ ಬೇಕು. ರಿಕ್ರೂಟರ್‌ಗಳ ಬಾಯಲ್ಲಿ ಇದಕ್ಕೆ Immediate joiner ಅಂತಾರೆ, ಆ ಎರಡು ಪದ ಹಾಗೇ ಹೆಡ್‌ಲೈನ್‌ನಲ್ಲಿ ಇರಲಿ. ನೌಕ್ರಿಯಲ್ಲಿ ನೋಟಿಸ್ ಪೀರಿಯಡ್ ಅಂತ ಬೇರೆ ಕಾಲಂ ಇದೆ, ಅಲ್ಲಿ 15 Days or less ಆರಿಸಿ. ತುಂಬಾ ಜನ ಸಮ್ಮರಿಯಲ್ಲಿ ಒಂದು ಬರೆದು ಈ ಕಾಲಂನಲ್ಲಿ ಹಳೇ ಎರಡು ತಿಂಗಳನ್ನೇ ಬಿಟ್ಟಿರ್ತಾರೆ. ಸೋಸಿದಾಗ ಅಲ್ಲೇ ಬಿದ್ದುಹೋಗ್ತಾರೆ.

ಲಿಂಕ್ಡ್‌ಇನ್‌ನ Open to work ಬಗ್ಗೆ ಒಂದು ಮಾತು. ಅದರಲ್ಲಿ ಎರಡು ದಾರಿ ಇವೆ. ಎಲ್ಲರಿಗೂ ಕಾಣುವ ಹಾಗೆ ಇಟ್ಟರೆ ಫೋಟೋ ಸುತ್ತ ಹಸಿರು ಚೌಕಟ್ಟು ಬರುತ್ತೆ. Recruiters only ಇಟ್ಟರೆ ರಿಕ್ರೂಟರ್ ಖಾತೆ ಇರೋರಿಗೆ ಮಾತ್ರ ಗೊತ್ತಾಗುತ್ತೆ. ನಿಮ್ಮ ಕೆಲಸ ಹೋಗಿದ್ದು ಊರಿಗೇ ಗೊತ್ತಿರೋದರಿಂದ ಹಸಿರು ಚೌಕಟ್ಟಿಗೆ ಹಿಂಜರಿಯಬೇಡಿ, ಹಳೇ ಸಹೋದ್ಯೋಗಿಗಳ ಕಣ್ಣಿಗೆ ಬಿದ್ದರೆ ಒಳ್ಳೇದೇ. ಆದರೆ ಅಲ್ಲಿ ಹುದ್ದೆಗಳ ಹೆಸರು ಕೇಳುತ್ತೆ, ಸಮ್ಮರಿಯಲ್ಲಿ ಬರೆದ ಹುದ್ದೆಯನ್ನೇ ಅಲ್ಲೂ ಹಾಕಿ. ಇಲ್ಲಿ ಅಕೌಂಟ್ಸ್, ಅಲ್ಲಿ ಎಚ್‌ಆರ್, ಮತ್ತೊಂದು ಕಡೆ ಡೇಟಾ ಎಂಟ್ರಿ ಅಂತಿದ್ದರೆ ಮತ್ತೆ "ಯಾವ ಕೆಲಸಕ್ಕೂ ಸಿದ್ಧ" ಅಂದ ಹಾಗೇ ಆಯಿತು.

ಇನ್ನೂ ಕೆಲಸದಲ್ಲಿದ್ದು ಬೇರೆ ಕಡೆ ನೋಡ್ತಿರೋರು ಇದನ್ನು ಓದುತ್ತಿದ್ದರೆ, ನಿಮ್ಮ ಸಮ್ಮರಿಯಲ್ಲಿ ಹುಡುಕಾಟದ ವಾಕ್ಯ ಬೇಡ, ಮ್ಯಾನೇಜರ್ ಕೂಡ ಅದನ್ನು ಓದಬಹುದು. ಕೆಲಸದ ವಿವರ ಇರಲಿ, Recruiters only ಆನ್ ಮಾಡಿ. ನಿಮ್ಮ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ಲಿಂಕ್ಡ್‌ಇನ್ ಪ್ರಯತ್ನ ಮಾಡುತ್ತೆ, ಪೂರ್ತಿ ಖಾತ್ರಿ ಮಾತ್ರ ಕೊಡಲ್ಲ. ರಾಜೀನಾಮೆ ಕೊಟ್ಟು ನೋಟಿಸ್‌ನಲ್ಲಿದ್ದರೆ ಮಾತು ಬೇರೆ, ಆಗ ಕೊನೆಯ ದಿನವನ್ನು ತಾರೀಖಿನ ಸಮೇತ ಹಾಕಿ.

ಮೈಸೂರಿನ ಓದುಗರೇ, ಮತ್ತೆ ನಿಮ್ಮ ವಿಷಯಕ್ಕೆ ಬರೋಣ. ಪ್ರತಿ ಸೋಮವಾರ ಪ್ರೊಫೈಲ್ ತೆರೆದು ಒಂದು ಸಲ ನೋಡಿ, ಏನಾದರೂ ಬದಲಾಗಿದ್ದರೆ ತಿದ್ದಿ. ಹುಡುಕುವಾಗ ಇತ್ತೀಚೆಗೆ ಪ್ರೊಫೈಲ್ ತೆರೆದವರನ್ನು ಮಾತ್ರ ತೋರಿಸು ಅಂತ ಸೋಸೋಕೂ ನೌಕ್ರಿಯಲ್ಲಿ ರಿಕ್ರೂಟರ್‌ಗಳಿಗೆ ಆಗುತ್ತೆ. ಕೆಲಸ ಸಿಕ್ಕ ದಿನ ಹುಡುಕಾಟದ ವಾಕ್ಯವನ್ನೂ ಹಸಿರು ಚೌಕಟ್ಟನ್ನೂ ತೆಗೆಯಿರಿ, ಹೊಸ ಮ್ಯಾನೇಜರ್ ನೋಡುವ ಮೊದಲೇ.