ಕಂತು ಗೊತ್ತದ, ಬಡ್ಡಿ ದರ ಗೊತ್ತಿಲ್ಲ: ಬರೇ ಟೇಬಲ್ ನೋಡಿ ತೆಗಿಯೋದು ಹೆಂಗ?

ಓದುಗರ ಪ್ರಶ್ನೆ: "ಸರ್, ನಾ ಸೇಡಂದಾಗ ಬಿ.ಕಾಂ ಓದ್ಲತ್ತೀನಿ. ಬಡ್ಡಿ ದರ ಕೊಟ್ಟು ರೊಕ್ಕ ಎಷ್ಟು ಅಂತ ಕೇಳಿದ್ರ ಟೇಬಲ್ ನೋಡಿ ಬರೀತೀನಿ. ಆದ್ರ ರೊಕ್ಕ, ಕಂತು ಎರಡೂ ಕೊಟ್ಟು ಬಡ್ಡಿ ದರ ಎಷ್ಟು ಅಂತ ಕೇಳಿದ್ರ ಅಲ್ಲೇ ನಿಂತುಬಿಡ್ತೀನಿ. ಪುಸ್ತಕದ ಹಿಂದಿರೋ ಟೇಬಲ್ ಇಟ್ಕೊಂಡು, ಕ್ಯಾಲ್ಕುಲೇಟರ್ ಇಲ್ದೆ ಇದು ಆಗ್ತದೇನ್ರಿ?"

ಆಗ್ತದರಿ. ಟೇಬಲ್ ಉಲ್ಟಾ ಓದಬೇಕು, ಅಷ್ಟೇ. ದಿನಾ ನೀವು ದರದಿಂದ ಟೇಬಲ್ ಒಳಗಿನ ಅಂಕಿಗೆ, ಅಂದ್ರ ಫ್ಯಾಕ್ಟರ್‌ಗೆ ಹೋಗ್ತೀರಿ, ಇಲ್ಲಿ ಫ್ಯಾಕ್ಟರ್ ಮೊದಲ ತೆಗದು ಅದು ಯಾವ ದರದ ಕೆಳಗ ಅದ ಅಂತ ಹುಡುಕಬೇಕು.

ನಮ್ಮ ಕಡೀದೇ ಒಂದು ಲೆಕ್ಕ ತಗೋಳೋಣು. ಒಬ್ಬರು ಊರಾಗ ತೊಗರಿ ಬ್ಯಾಳಿ ಮಾಡ್ಲಿಕ್ಕ ಸಣ್ಣ ದಾಲ್ ಮಿಲ್ ಮಷಿನ್ ತಗೋಬೇಕಂತ ಕಲಬುರಗಿ ಗಂಜ್ ಕಡೆ ಕೇಳ್ತಾರ ಅನ್ಕೋರಿ. ನಗದು ಕೊಟ್ರ 3,00,000. ಕಂತಿನ ಮ್ಯಾಗ ಆದ್ರ ವರ್ಷದ ಕೊನೀಗೆ 80,000ದಂಗ 5 ವರ್ಷ. ಮಾರೋರು ಹೇಳ್ತಾರ, "ಒಟ್ಟು 4 ಲಕ್ಷ ಆಗ್ತದ, ಹೆಚ್ಚಿಗಿ 1 ಲಕ್ಷ, ವರ್ಷಕ್ಕ 20 ಸಾವಿರ ಬಿತ್ತು, 3 ಲಕ್ಷಕ್ಕ ನೋಡಿದ್ರ ಬಡ್ಡಿ 6.67% ಅಷ್ಟೇ." ಇದು ಫ್ಲಾಟ್ ಲೆಕ್ಕ, ಖರೇ ದರ ಇದಲ್ಲ. ಯಾಕಂದ್ರ 3 ಲಕ್ಷ ಪೂರ್ತಿ ಐದು ವರ್ಷ ನಿಮ್ಮ ಕೈಯಾಗ ಇರೋದೇ ಇಲ್ಲ, ಪ್ರತಿ ಕಂತಿನ್ಯಾಗೂ ಅಸಲು ಒಂದಿಷ್ಟು ವಾಪಸ್ ಹೋಗ್ತಿರ್ತದ, ಆದ್ರ ಫ್ಲಾಟ್ ಲೆಕ್ಕ ಕೊನೀ ವರ್ಷಕ್ಕೂ 3 ಲಕ್ಷದ ಮ್ಯಾಲೇ ಬಡ್ಡಿ ಅಂತ ಹಿಡೀತದ.

ಈಗ ಟೇಬಲ್ ತಗೀರಿ. ಸಾಮಾನ್ಯ ನಾಲ್ಕು ಇರ್ತಾವ, ಯಾವುದು ಯಾವುದಂತ ಗೊಂದಲ ಆದ್ರ ಹೆಡಿಂಗ್ ಬಿಡ್ರಿ, ಒಳಗಿನ ಅಂಕಿ ನೋಡ್ರಿ. 5 ವರ್ಷಕ್ಕ 5ನೇ ಸಾಲು, ಆ ಸಾಲಿನ್ಯಾಗ ಎಲ್ಲಾ ಅಂಕಿ 1ಕ್ಕಿಂತ ಕಮ್ಮಿ ಇದ್ರ ಅದು ಒಂದೇ ಸಲ ಬರೋ ರೊಕ್ಕದ ಇವತ್ತಿನ ಬೆಲೆ, ಅಂದ್ರ ಪ್ರೆಸೆಂಟ್ ವ್ಯಾಲ್ಯೂ. ಅಂಕಿ 5ಕ್ಕಿಂತ ಕಮ್ಮಿ ಅದ ಆದ್ರ 1ಕ್ಕಿಂತ ಜಾಸ್ತಿ ಅದ, ಬಡ್ಡಿ ಏರಿದಂಗ ಇಳೀಲತ್ತದ ಅಂದ್ರ ಅದು ಕಂತುಗಳ ಪ್ರೆಸೆಂಟ್ ವ್ಯಾಲ್ಯೂ, ಆನ್ಯುಯಿಟಿ ಟೇಬಲ್. ಬಡ್ಡಿ ಏರಿದಂಗ ಅಂಕಿನೂ ಏರಿದ್ರ ಅದು ಫ್ಯೂಚರ್ ವ್ಯಾಲ್ಯೂ ಟೇಬಲ್, ನಮಗ ಬ್ಯಾಡ. ನಮಗ ಬೇಕಾದದ್ದು ಆನ್ಯುಯಿಟಿದು, ಯಾಕಂದ್ರ ಇವತ್ತಿನ 3 ಲಕ್ಷ ಒಂದು ಕಡಿ, ಮುಂದ ಕೊಡೋ ಸಮ ಕಂತು ಇನ್ನೊಂದು ಕಡಿ ಅವ.

ಇವತ್ತಿನ ಬೆಲೆ ಅಂದ್ರ ಕಂತು ಗುಣಿಸು ಫ್ಯಾಕ್ಟರ್. ಹಂಗಿದ್ರ ಫ್ಯಾಕ್ಟರ್ ಅಂದ್ರ 3,00,000 ಭಾಗಿಸು 80,000. ಸೊನ್ನಿ ಹೊಡದ್ರ 30 ಭಾಗಿಸು 8, ಬಂತು 3.75. 5ನೇ ಸಾಲಿಗೆ ಬಟ್ಟು ಇಟ್ಟು ಬಲಕ್ಕ ಸರೀತಾ ಹೋಗ್ರಿ, 10% ಕೆಳಗ 3.7908 ಅದ, 11% ಕೆಳಗ 3.6959. ನಮ್ಮ 3.75 ಇವೆರಡರ ನಡುವ ಬಂತು, ಅಂದ್ರ ದರ 10 ಮತ್ತ 11ರ ನಡುವ. ನಾಲ್ಕು ಆಯ್ಕಿ ಕೊಟ್ಟು ಕೇಳಿದ ಪ್ರಶ್ನೆ ಆದ್ರ ಸುಮಾರು ಸಲ ಇಷ್ಟಕ್ಕೇ ಉತ್ತರ ಸಿಕ್ಕುಬಿಡ್ತದ.

ಇನ್ನೂ ಸೂಕ್ಷ್ಮ ಬೇಕಂದ್ರ ನಡುವಿನ ಅಂತರ ಹಂಚಬೇಕು, ಪುಸ್ತಕದಾಗ ಇಂಟರ್‌ಪೊಲೇಷನ್ ಅಂತಾರ. 10%ದ ಅಂಕಿಯಿಂದ ನಮ್ಮ ಅಂಕಿ ತನಕ ಇಳಿದದ್ದು 3.7908 ಕಳಿ 3.7500, ಅಂದ್ರ 0.0408. ಪೂರ್ತಿ ಒಂದು ಪರ್ಸೆಂಟಿಗೆ ಇಳಿದದ್ದು 3.7908 ಕಳಿ 3.6959, ಅಂದ್ರ 0.0949. ಪಾಯಿಂಟ್ ತಗದು 408 ಭಾಗಿಸು 949 ಮಾಡ್ರಿ, ಸುಮಾರು 0.43. ದರ 10.43%. ಇಲ್ಲಿ ಭಾಳ ಮಂದಿ 11% ಕಡಿಯಿಂದ ಕಳೆದು ಅದನ್ನ 10ಕ್ಕ ಕೂಡಿಸಿ 10.57 ಬರೀತಾರ. ಸಣ್ಣ ದರದಿಂದ ಶುರು ಮಾಡಿದ್ರ ಕಳಿಯೋದೂ ಅದರ ಫ್ಯಾಕ್ಟರ್‌ದಿಂದಲೇ ಇರಬೇಕು. ಉತ್ತರ ಸರಿ ಅದೇನಂತ ಕಣ್ಣಳತಿಲೆ ನೋಡ್ಬೋದು: 3.75 ಅನ್ನೋದು 3.7908ಕ್ಕ ಹತ್ರ ಅದ, ಹಂಗಾಗಿ ದರನೂ 10ಕ್ಕೇ ಹತ್ರ ಇರಬೇಕು, ಅರ್ಧ ದಾಟಬಾರದು.

ಈ ಉತ್ತರ ಖರೇ ದರಕ್ಕಿಂತ ಕೂದಲಷ್ಟು ಮ್ಯಾಲ ಇರ್ತದ, ಯಾಕಂದ್ರ ಫ್ಯಾಕ್ಟರ್ ನೇರ ಗೆರಿ ಹಂಗ ಇಳಿಯಂಗಿಲ್ಲ, ಬಗ್ಗಿ ಇಳೀತದ, ನಾವು ನಡುವ ನೇರ ಗೆರಿ ಎಳೀತೀವಿ. ಒಂದೊಂದೇ ಪರ್ಸೆಂಟಿನ ಟೇಬಲ್ ಆದ್ರ ಫರಕು ಲೆಕ್ಕಕ್ಕೇ ಬರಂಗಿಲ್ಲ. ನಿಮ್ಮ ಪುಸ್ತಕದಾಗ 10 ಆದ್ಮ್ಯಾಗ ಸೀದಾ 15 ಇದ್ರ (15% ಕೆಳಗ 3.3522) ಇದೇ ಲೆಕ್ಕ 10.47 ಬರ್ತದ. ಅಂತರ ದೊಡ್ಡದಾದಷ್ಟು ಈ ಫರಕು ಬೆಳೀತದ.

6.67 ಅಂದದ್ದು 10.43 ಆಯ್ತು ನೋಡ್ರಿ. ನಂಬಿಕಿ ಬರಲಿಲ್ಲಂದ್ರ ಮೊದಲ ವರ್ಷ ಬಿಡಿಸಿ ನೋಡ್ರಿ: 3 ಲಕ್ಷಕ್ಕ 10.43% ಬಡ್ಡಿ 31,290, 80,000ದಾಗ ಉಳಿದ 48,710 ಅಸಲಿಗೆ ಹೋಯ್ತು, ಎರಡನೇ ವರ್ಷ ಬಡ್ಡಿ ಬೀಳೋದು 2,51,290ರ ಮ್ಯಾಲ ಮಾತ್ರ. ಹಿಂಗೇ ಐದು ವರ್ಷ ನಡಸಿದ್ರ ಬಾಕಿ ಸೊನ್ನಿ ಹತ್ರ ಬಂದು ನಿಲ್ತದ, ದರ ಎರಡೇ ದಶಾಂಶಕ್ಕ ಹಿಡಿದಿದ್ದಕ್ಕ ಒಂದಿಷ್ಟು ರೂಪಾಯಿ ಹಿಂದ ಮುಂದ ಆಗ್ತದ.

ನನಗ ಎಲ್ಲಕ್ಕಿಂತ ಮುಖ್ಯ ಅನಸೋದು ಈಗ ಹೇಳೋ ಮಾತು. ಟೇಬಲ್ ಮಾಡಿರೋದು ಮೊದಲ ಕಂತು ಒಂದು ವರ್ಷ ಆದ್ಮ್ಯಾಗ ಅಂತ ಹಿಡಿದು. ಅದೇ ಮಾರೋರು "ಮೊದಲನೇ 80,000 ಇವತ್ತೇ ಕೊಡ್ರಿ, ಉಳಿದ ನಾಲ್ಕು ವರ್ಷಕ್ಕೊಂದು" ಅಂದ್ರ ಕಂತು ಐದೇ, ಒಟ್ಟು ರೊಕ್ಕನೂ ಅದೇ 4 ಲಕ್ಷ, ಕೇಳ್ಲಿಕ್ಕ ಏನೂ ಬದಲಾಗಿಲ್ಲ. ಆದ್ರ 5ನೇ ಸಾಲು ನೋಡಿದ್ರ ತಪ್ಪು. ಇವತ್ತು ಕೊಟ್ಟ ರೊಕ್ಕಕ್ಕ ಬಡ್ಡಿನೇ ಇಲ್ಲ, ಅದು ಸಾಲನೇ ಅಲ್ಲ, ಮುಂಗಡ. ಖರೇ ಸಾಲ 2,20,000, ಕಂತು ನಾಲ್ಕು. ಫ್ಯಾಕ್ಟರ್ 22 ಭಾಗಿಸು 8, ಅಂದ್ರ 2.75. ಈಗ 4ನೇ ಸಾಲಿನ್ಯಾಗ ಹುಡುಕ್ರಿ, 16% ಕೆಳಗ 2.7982, 17% ಕೆಳಗ 2.7432. ಇಳಿದದ್ದು 0.0482, ಪೂರ್ತಿ ಅಂತರ 0.0550, 482 ಭಾಗಿಸು 550 ಅಂದ್ರ ಸುಮಾರು 0.88. ದರ 16.88%! ಕಂತುಗಳ ತಾರೀಖು ಒಂದೊಂದು ವರ್ಷ ಮೊದಲ ಬಂದದ್ದಕ್ಕ ಆರು ಪರ್ಸೆಂಟಿಗಿಂತ ಜಾಸ್ತಿ ಏರಿತು. ಹಂಗಾಗಿ ಪ್ರಶ್ನೆಪತ್ರಿಕಿಯಾಗ ಆಗ್ಲಿ, ಅಂಗಡಿಯಾಗ ಆಗ್ಲಿ, ಮೊದಲ ಕಂತು ಯಾವಾಗ ಅನ್ನೋದನ್ನ ಎಲ್ಲಕ್ಕಿಂತ ಮೊದಲ ಕೇಳ್ರಿ, ಆಮ್ಯಾಲ ಸಾಲು ಹುಡುಕ್ರಿ.

ಇಂಥ ಬಡ್ಡಿ ಟೇಬಲ್ ಗಣಿತಜ್ಞ ಸೈಮನ್ ಸ್ಟೆವಿನ್ 1582ರಾಗೇ ಈಗಿನ ಬೆಲ್ಜಿಯಂದ ಆಂಟ್‌ವರ್ಪ್‌ದಾಗ ಅಚ್ಚು ಮಾಡಿಸಿದ್ರು, ಕೈಲೆ ಲೆಕ್ಕ ಹಾಕಿ ತಯಾರ ಮಾಡಿದ ಅಂಕಿ ಅವು.

ತಿಂಗಳ ಕಂತು ಇದ್ರ? ಸಾಲು ಅಂದ್ರ ತಿಂಗಳ ಸಂಖ್ಯೆ, ಸಿಗೋ ದರನೂ ತಿಂಗಳದ್ದೇ. 24 ತಿಂಗಳ ಸಾಲಿನ್ಯಾಗ 1% ಕೆಳಗ 21.2434 ಅದ, ನಿಮ್ಮ ಫ್ಯಾಕ್ಟರ್ ಅಷ್ಟೇ ಬಂದ್ರ ತಿಂಗಳಿಗೆ 1%, ವರ್ಷಕ್ಕ 12%. ತೊಡಕು ಏನಂದ್ರ ಭಾಳಷ್ಟು ಪುಸ್ತಕದ ಟೇಬಲ್ 1%ದಿಂದಲೇ ಶುರು ಆಗ್ತಾವ. ಫ್ಯಾಕ್ಟರ್ 21.2434ಕ್ಕಿಂತ ದೊಡ್ಡದು ಬಂತಂದ್ರ ವರ್ಷದ ದರ 12ಕ್ಕಿಂತ ಕಮ್ಮಿ ಅನ್ನೋ ತನಕ ಹೇಳ್ಬೋದು. ಅದಕ್ಕೂ ಸೂಕ್ಷ್ಮ ಬೇಕಂದ್ರ ಅರ್ಧ, ಕಾಲು ಪರ್ಸೆಂಟಿನ ಕಾಲಂ ಇರೋ ಟೇಬಲ್ಲೇ ಬೇಕಾಗ್ತದ. ಇಲ್ಲಾ ಅಂದ್ರ 0% ಕೆಳಗ ಫ್ಯಾಕ್ಟರ್ 24 ಅಂತ ಹಿಡಿದು ಅಲ್ಲಿಂದ 1% ತನಕ ಹಂಚ್ರಿ, ಉತ್ತರ ಒಂದಿಷ್ಟು ಮ್ಯಾಲ ಬರ್ತದ ಅನ್ನೋದು ಗೊತ್ತಿಟ್ಕೊಂಡು.